ಕೈ ಅಡ್ಡ ಬಂದರೆ ತಾನೇ ನಿಲ್ಲುವ ಕಿಟಕಿ: ಮೋಟರಿಗೆ ಬೆರಳು ಗೊತ್ತಾಗುತ್ತದೆಯೇ?

ಮಳೆ ಬಂದರೆ ತಾನೇ ಮುಚ್ಚಿಕೊಳ್ಳುವ, ಸೆಕೆಯಾದರೆ ತಾನೇ ತೆರೆದುಕೊಳ್ಳುವ ಕಿಟಕಿಯ ವಿಡಿಯೊಗಳನ್ನು ನೀವು ನೋಡಿರಬಹುದು. ಕಿಟಕಿಯ ಚೌಕಟ್ಟಿಗೆ ಒಂದು ಉದ್ದನೆಯ ಮೋಟರು, ಪಕ್ಕದಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು. ಕೊನೆಯಲ್ಲಿ ಮಾಡಿದವರು ಮುಚ್ಚುತ್ತಿರುವ ಕಿಟಕಿಯ ಕೆಳಅಂಚಿಗೆ ತಮ್ಮ ಕೈಯನ್ನೇ ಅಡ್ಡ ಇಡುತ್ತಾರೆ. ಕಿಟಕಿ ಕೈಗೆ ತಾಗುತ್ತದೆ, ಒಂದು ಕ್ಷಣ ಒತ್ತುತ್ತದೆ, ನಿಲ್ಲುತ್ತದೆ. ‘ಕರೆಂಟ್ ಸೆನ್ಸರ್ ಇದೆ, ಮಕ್ಕಳಿಗೂ ಅಪಾಯವಿಲ್ಲ’ ಎಂಬ ಸಾಲಿನೊಂದಿಗೆ ವಿಡಿಯೊ ಗುಂಪಿನಿಂದ ಗುಂಪಿಗೆ ಹೋಗುತ್ತದೆ.

ಕಿಟಕಿ ನಿಂತದ್ದು ನಿಜ. ಅದರಲ್ಲಿ ಮೋಸವಿಲ್ಲ. ಆದರೆ ಅದು ನಿಂತದ್ದು ಕೈಯನ್ನು ಗುರುತಿಸಿ ಅಲ್ಲ. ಹಾಗಾದರೆ ಯಾಕೆ ನಿಂತಿತು, ಎಷ್ಟು ಒತ್ತಿದ ಮೇಲೆ ನಿಂತಿತು, ಅದೇ ಕೈ ಇನ್ನೊಂದು ಜಾಗದಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಒಂದು ಕಿಟಕಿಯ ಲೆಕ್ಕದ ಮೂಲಕ ನೋಡೋಣ.

ಒಳಗೆ ಇರುವುದೇನು?

ಆ ಉದ್ದನೆಯ ಮೋಟರಿಗೆ ಲೀನಿಯರ್ ಆಕ್ಚುಯೇಟರ್ ಎನ್ನುತ್ತಾರೆ. ಆಸ್ಪತ್ರೆಯ ಮಂಚವನ್ನು ಬಟನ್ ಒತ್ತಿ ಮೇಲೆತ್ತುವಾಗ ಕೆಲಸ ಮಾಡುವುದೂ ಇದೇ ಜಾತಿಯ ಸಾಧನ. ಒಳಗೆ 12 ವೋಲ್ಟಿನ ಒಂದು ಸಣ್ಣ ಡಿಸಿ ಮೋಟರು, ಅದರ ವೇಗ ತಗ್ಗಿಸಿ ಬಲ ಹೆಚ್ಚಿಸುವ ಗಿಯರುಗಳು, ಉದ್ದಕ್ಕೂ ಮರೆ ಇರುವ ಒಂದು ಸ್ಕ್ರೂ ಮತ್ತು ಆ ಸ್ಕ್ರೂ ಮೇಲೆ ಓಡಾಡುವ ಒಂದು ನಟ್ಟು ಇರುತ್ತವೆ. ಮೋಟರು ಒಂದು ದಿಕ್ಕಿಗೆ ತಿರುಗಿದರೆ ನಟ್ಟಿಗೆ ಜೋಡಿಸಿದ ರಾಡು ಹೊರಗೆ ಬರುತ್ತದೆ, ತಂತಿಗಳ ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಒಳಗೆ ಹೋಗುತ್ತದೆ. ರಾಡಿನ ತುದಿ ಕಿಟಕಿಗೆ, ಹಿಂಬದಿ ಚೌಕಟ್ಟಿಗೆ.

ಈ ಸಾಧನಕ್ಕೆ ಕಣ್ಣಿಲ್ಲ, ಚರ್ಮವಿಲ್ಲ. ಬೋರ್ಡಿಗೆ ಹೊರಗಿನ ಪ್ರಪಂಚದಿಂದ ಬರುವ ಸುದ್ದಿ ಒಂದೇ: ಮೋಟರು ಈಗ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದು.

ಆ ಒಂದು ಸುದ್ದಿಯಿಂದ ಅಡ್ಡಿ ಹೇಗೆ ತಿಳಿಯುತ್ತದೆ? ತಿರುಗುವ ಡಿಸಿ ಮೋಟರು ಅದೇ ಹೊತ್ತಿಗೆ ಒಂದು ಚಿಕ್ಕ ಜನರೇಟರ್ ಕೂಡ ಆಗಿರುತ್ತದೆ. ಅದು ಹುಟ್ಟಿಸುವ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗೆ ಎದುರಾಗಿ ನಿಲ್ಲುತ್ತದೆ. ಮೋಟರು ಜೋರಾಗಿ ತಿರುಗುತ್ತಿದ್ದರೆ ಈ ಎದುರು ವೋಲ್ಟೇಜು ಹೆಚ್ಚು, ಹಾಗಾಗಿ ಒಳಗೆ ಹರಿಯುವ ವಿದ್ಯುತ್ ಕಡಿಮೆ. ಅಡ್ಡಿ ಬಂದು ಮೋಟರು ನಿಧಾನವಾದರೆ ಎದುರು ವೋಲ್ಟೇಜು ಇಳಿಯುತ್ತದೆ, ವಿದ್ಯುತ್ ಹೆಚ್ಚು ನುಗ್ಗುತ್ತದೆ. ಮೋಟರು ಪೂರ್ತಿ ನಿಂತೇ ಹೋದರೆ ತಡೆಯುವುದಕ್ಕೆ ತಂತಿಸುರುಳಿಯ ರೋಧ ಮಾತ್ರ ಉಳಿಯುತ್ತದೆ. ಸುರುಳಿಯ ರೋಧ 3 ಓಮ್ ಇದ್ದರೆ 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ಒಟ್ಟಿನಲ್ಲಿ ಮೋಟರು ಎಷ್ಟು ಬಲ ಹಾಕುತ್ತಿದೆಯೋ ಅಷ್ಟು ಆಂಪಿಯರ್ ಏರುತ್ತದೆ.

ಮಿಕ್ಸಿಯ ಕೆಳಗಿನ ಕೆಂಪು ಬಟನ್

ಇದರ ಹತ್ತಿರದ ಸಂಬಂಧಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಮಿಕ್ಸಿಗೆ ಗಟ್ಟಿ ಚಟ್ನಿ ತುಂಬಿ ತಿರುಗಿಸಿದರೆ ಒಮ್ಮೊಮ್ಮೆ ಅದು ಪಟ್ಟನೆ ನಿಂತುಹೋಗುತ್ತದೆ. ಮಗುಚಿ, ಕೆಳಗಿನ ಕೆಂಪು ಬಟನ್ ಒತ್ತಿದ ಮೇಲೆ ಮತ್ತೆ ಓಡುತ್ತದೆ. ಭಾರ ಹೆಚ್ಚಾಗಿ ವಿದ್ಯುತ್ ಮಿತಿ ಮೀರಿದ್ದರಿಂದ ಒಳಗಿನ ರಕ್ಷಣಾ ಸ್ವಿಚ್ ಬಿದ್ದಿರುತ್ತದೆ.

ಆ ಬಟನ್ ಯಾರನ್ನು ಕಾಪಾಡಲು ಇದೆ? ಮೋಟರನ್ನು. ಸುರುಳಿ ಸುಟ್ಟುಹೋಗಬಾರದು ಎಂದು. ‘ಬಟನ್ ಇದೆಯಲ್ಲ, ಬೆರಳು ಹಾಕಿದರೂ ನಿಲ್ಲುತ್ತದೆ’ ಎಂದು ಯಾರೂ ತಿರುಗುವ ಬ್ಲೇಡಿಗೆ ಬೆರಳು ಕೊಡುವುದಿಲ್ಲ.

ತಾನೇ ನಿಲ್ಲುವ ಕಿಟಕಿಗಳಲ್ಲಿ ಬಹಳಷ್ಟು ಸಲ ಇರುವುದೂ ಇದೇ ರಕ್ಷಣೆ. ಮೋಟರು ಸುಡುವ ಮಟ್ಟಕ್ಕೆ ಸ್ವಲ್ಪ ಕೆಳಗೆ ಒಂದು ಮಿತಿ ಇಟ್ಟು, ಅದನ್ನು ದಾಟಿದರೆ ನಿಲ್ಲಿಸು ಎಂದು ಬೋರ್ಡಿಗೆ ಹೇಳಿರುತ್ತಾರೆ. ಮೋಟರಿನ ಮಟ್ಟಿಗೆ ಅದು ಸರಿಯಾದ ಕೆಲಸ. ಬೆರಳಿನ ಮಟ್ಟಿಗೆ ಏನೆಂದು ಈಗ ಲೆಕ್ಕ ಹಾಕೋಣ.

ಒಂದು ಕಿಟಕಿಯ ಲೆಕ್ಕ

ಅಡುಗೆಮನೆಯ ಒಂದು ಕಿಟಕಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎತ್ತರ 60 ಸೆಂ.ಮೀ., ಅಗಲವೂ 60. ಕೀಲು ಮೇಲಿನ ಅಂಚಿನಲ್ಲಿದೆ, ಕೆಳಅಂಚು ಹೊರಗೆ ತೆರೆದುಕೊಳ್ಳುತ್ತದೆ. ಆಕ್ಚುಯೇಟರನ್ನು ಕೀಲಿನಿಂದ 15 ಸೆಂ.ಮೀ. ಕೆಳಗೆ ಜೋಡಿಸಲಾಗಿದೆ. ಅದು 75 ಕೆ.ಜಿ. ಭಾರದಷ್ಟು ಬಲ ಹಾಕಬಲ್ಲದು, ರಾಡು ಸೆಕೆಂಡಿಗೆ 1 ಸೆಂ.ಮೀ. ಓಡುತ್ತದೆ, ಒಟ್ಟು ಓಟ 10 ಸೆಂ.ಮೀ. ಅಂದರೆ ಪೂರ್ತಿ ತೆರೆಯಲು ಅಥವಾ ಮುಚ್ಚಲು ಸುಮಾರು 10 ಸೆಕೆಂಡು.

ಖಾಲಿ ಓಡುವಾಗ ಈ ಮೋಟರು 0.6 ಆಂಪಿಯರ್ ಎಳೆಯುತ್ತದೆ, 75 ಕೆ.ಜಿ. ಬಲ ಹಾಕುವಾಗ 3 ಆಂಪಿಯರ್ ಎಳೆಯುತ್ತದೆ ಎಂದಿರಲಿ. ನಡುವಿನ 2.4 ಆಂಪಿಯರ್ 75 ಕೆ.ಜಿ.ಗೆ ಸಮ. ಅಂದರೆ ಪ್ರತಿ ಒಂದು ಆಂಪಿಯರ್ ಏರಿಕೆಗೆ ಸುಮಾರು 31 ಕೆ.ಜಿ. ಬಲ.

ಮುಚ್ಚುವಾಗ ಕಿಟಕಿಯ ಸ್ವಂತ ಭಾರವೇ ಸಹಾಯಕ್ಕೆ ಬರುವುದರಿಂದ ಮೋಟರಿಗೆ ಹೆಚ್ಚು ಕೆಲಸವಿಲ್ಲ, 0.7 ಆಂಪಿಯರ್ ಸಾಕು. ಮಾಡಿದವರು ನಿಲ್ಲಿಸುವ ಮಿತಿಯನ್ನು 2.5 ಆಂಪಿಯರ್‌ಗೆ ಇಟ್ಟಿದ್ದಾರೆ ಎಂದುಕೊಳ್ಳಿ. ಕೈ ಸಿಕ್ಕಿದ ಕ್ಷಣ 0.7 ಇದ್ದದ್ದು ಏರುತ್ತಾ ಹೋಗಿ 2.5 ಮುಟ್ಟಿದಾಗ ನಿಲ್ಲುತ್ತದೆ. ಏರಿಕೆ 1.8 ಆಂಪಿಯರ್. 31ರಿಂದ ಗುಣಿಸಿದರೆ 56 ಕೆ.ಜಿ.

ಹಾಗಾದರೆ ವಿಡಿಯೊದಲ್ಲಿ ಕೈ ಇಟ್ಟವರು ಯಾಕೆ ಕಿರುಚಲಿಲ್ಲ?

ಕೈ ಎಲ್ಲಿದೆ ಎಂಬುದೇ ಮುಖ್ಯ

ಉತ್ತರ ಕೀಲಿನಲ್ಲಿದೆ. ಬಾಗಿಲನ್ನು ಹಿಡಿಯ ಹತ್ತಿರ ತಳ್ಳುವುದು ಸುಲಭ, ಕೀಲಿನ ಹತ್ತಿರ ತಳ್ಳುವುದು ಕಷ್ಟ. ಇದನ್ನೇ ತಿರುವಿ ಹಾಕಿ ನೋಡಿ: ಬಾಗಿಲು ಕೀಲಿನ ಹತ್ತಿರ ಬೆರಳನ್ನು ಹಿಸುಕುವಷ್ಟು ಜೋರಾಗಿ ಹಿಡಿಯ ಹತ್ತಿರ ಹಿಸುಕುವುದಿಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡ ಯಾರಿಗೂ ಇದನ್ನು ವಿವರಿಸಬೇಕಿಲ್ಲ.

ನಮ್ಮ ಕಿಟಕಿಯಲ್ಲಿ ಆಕ್ಚುಯೇಟರ್ ಬಲ ಹಾಕುವುದು ಕೀಲಿನಿಂದ 15 ಸೆಂ.ಮೀ. ದೂರದಲ್ಲಿ. ಕೆಳಅಂಚು ಇರುವುದು 60 ಸೆಂ.ಮೀ. ದೂರದಲ್ಲಿ, ಅಂದರೆ ನಾಲ್ಕು ಪಟ್ಟು. ಹಾಗಾಗಿ ಅಲ್ಲಿ ಬಲ ನಾಲ್ಕನೇ ಒಂದು ಭಾಗವಾಗುತ್ತದೆ. 56 ಕೆ.ಜಿ. ಅಲ್ಲಿ 14 ಕೆ.ಜಿ. ಅಂಗೈಯ ಮೇಲೆ 14 ಕೆ.ಜಿ. ಒತ್ತಿದರೆ ದೊಡ್ಡವರು ಹಲ್ಲು ಕಚ್ಚಿ ಕ್ಯಾಮೆರಾ ಮುಂದೆ ನಗಬಹುದು.

ಅದೇ ಕೈ ಪಕ್ಕದ ಅಂಚಿನಲ್ಲಿ, ಕಿಟಕಿಯ ನಡುಮಟ್ಟದಲ್ಲಿ ಇದ್ದಿದ್ದರೆ 28 ಕೆ.ಜಿ. ಆಕ್ಚುಯೇಟರಿನ ಮಟ್ಟದಲ್ಲೇ ಇದ್ದಿದ್ದರೆ ಪೂರ್ತಿ 56 ಕೆ.ಜಿ. ಕೀಲಿನಿಂದ 5 ಸೆಂ.ಮೀ. ದೂರದ ಸಂದಿಯಲ್ಲಿ ಬೆರಳಿದ್ದರೆ 168 ಕೆ.ಜಿ. ಸೆನ್ಸರ್ ಅದೇ, ಮಿತಿ ಅದೇ, ಕಿಟಕಿ ನಿಲ್ಲುವುದೂ ನಿಜ. ಬೆರಳಿನ ಗತಿ ಮಾತ್ರ ಬೇರೆ. ವಿಡಿಯೊ ತೋರಿಸುವುದು ಕೆಳಅಂಚನ್ನು, ಅಂದರೆ ಇಡೀ ಕಿಟಕಿಯಲ್ಲೇ ಬಲ ಅತಿ ಕಡಿಮೆ ಇರುವ ಜಾಗವನ್ನು.

ಕೈಯ ಬದಲು ಕ್ಯಾರೆಟ್ ಇಟ್ಟು ‘ನೋಡಿ, ಮುರಿಯಲಿಲ್ಲ’ ಎಂದು ತೋರಿಸುವುದರಿಂದಲೂ ಹೆಚ್ಚೇನೂ ಸಾಬೀತಾಗುವುದಿಲ್ಲ. ಕ್ಯಾರೆಟ್ ಉಳಿಯಿತು ಎಂದರೆ ಕ್ಯಾರೆಟ್ ಮುರಿಯುವಷ್ಟು ಬಲ ಬೀಳಲಿಲ್ಲ ಎಂದಷ್ಟೇ ಅರ್ಥ. ಎಷ್ಟು ಬಿತ್ತು ಎಂಬ ಸಂಖ್ಯೆ ಅದರಿಂದ ಸಿಗುವುದಿಲ್ಲ.

ಎಷ್ಟು ಬಲ ಸರಿ?

ಈ ಪ್ರಶ್ನೆಗೆ ಕಾರಿನ ಪವರ್ ವಿಂಡೋ ಜಗತ್ತು ಬಹಳ ಹಿಂದೆಯೇ ಒಂದು ಸಂಖ್ಯೆ ಕೊಟ್ಟಿದೆ. ಅಮೆರಿಕದ ವಾಹನ ಸುರಕ್ಷತಾ ನಿಯಮ 118 ಮತ್ತು ಯುರೋಪ್ ಸೇರಿದಂತೆ ಹಲವೆಡೆ ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮ 21, ಎರಡೂ ತಾನೇ ಹಿಂದಕ್ಕೆ ಸರಿಯುವ ಕಿಟಕಿಗಳಿಗೆ 100 ನ್ಯೂಟನ್ ಮಿತಿ ಇಟ್ಟಿವೆ. ನಮ್ಮ ಭಾಷೆಯಲ್ಲಿ ಸುಮಾರು 10 ಕೆ.ಜಿ. ಭಾರ. ಪರೀಕ್ಷೆಗೆ 4 ಮಿ.ಮೀ.ನಿಂದ 200 ಮಿ.ಮೀ. ದಪ್ಪದವರೆಗಿನ ಕಡ್ಡಿಗಳನ್ನು ಬಳಸುತ್ತಾರೆ. ಮಗುವಿನ ಬೆರಳಿನಿಂದ ತಲೆಯವರೆಗೆ ಎಲ್ಲವೂ ಈ ಅಳತೆಯೊಳಗೆ ಬರುತ್ತವೆ.

ಈ ನಿಯಮಗಳ ಹಿಂದಿರುವ ತರ್ಕವನ್ನೂ ಗಮನಿಸಬೇಕು. ಒಬ್ಬರು ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಗಾಜು ಏರುತ್ತದೆ ಎಂದಾದರೆ, ನೋಡುವ ಕಣ್ಣೊಂದು ಅಲ್ಲಿದೆ, ಬೆರಳು ತೆಗೆದರೆ ನಿಲ್ಲುತ್ತದೆ. ಯಾರೂ ಹಿಡಿದಿರದಿದ್ದರೂ ತಾನೇ ಮುಚ್ಚುವ ಗಾಜಿಗೆ ಆ ಕಣ್ಣಿಲ್ಲ. ಮಳೆ ಸೆನ್ಸರಿನ ಮಾತು ಕೇಳಿ ಮುಚ್ಚುವ ನಮ್ಮ ಅಡುಗೆಮನೆ ಕಿಟಕಿ ಈ ಎರಡನೇ ಜಾತಿಗೆ ಸೇರಿದ್ದು. ಅದು ಮುಚ್ಚುವಾಗ ಮನೆಯವರು ಹಿತ್ತಲಲ್ಲಿ ಬಟ್ಟೆ ಎತ್ತುತ್ತಿರಬಹುದು, ಮಗು ಕಟ್ಟೆ ಹತ್ತಿ ಕಿಟಕಿಯ ಸಂದಿಯಲ್ಲಿ ಕೈ ಇಟ್ಟು ಮಳೆ ನೋಡುತ್ತಿರಬಹುದು.

10 ಕೆ.ಜಿ.ಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಮ್ಮ ಕಿಟಕಿಯ ಮಿತಿ ಎಷ್ಟಿರಬೇಕು? ಕೈ ಹೋಗಬಹುದಾದ ಜಾಗಗಳಲ್ಲಿ ಕೀಲಿಗೆ ಅತಿ ಹತ್ತಿರದ್ದನ್ನು ಮೊದಲು ಗುರುತಿಸಬೇಕು. ಅದು 15 ಸೆಂ.ಮೀ. ಆದರೆ ಅಲ್ಲಿ ಬಲ ಆಕ್ಚುಯೇಟರಿನ ಬಲದಷ್ಟೇ. 10 ಕೆ.ಜಿ.ಯನ್ನು 31ರಿಂದ ಭಾಗಿಸಿದರೆ ಸುಮಾರು 0.3 ಆಂಪಿಯರ್. ಅಂದರೆ ಮಾಮೂಲಿ 0.7 ಆಂಪಿಯರ್ ಇರುವಾಗ 1.0 ಮುಟ್ಟಿದ ಕೂಡಲೇ ನಿಲ್ಲಬೇಕು, 2.5 ಮುಟ್ಟಿದಾಗ ಅಲ್ಲ. ಅದಕ್ಕಿಂತ ಮೇಲಿನ ಸಂದಿಗೆ ಈ ಮಿತಿಯೂ ಸಾಲದು. 5 ಸೆಂ.ಮೀ. ದೂರದಲ್ಲಿ ಇನ್ನೂ 28 ಕೆ.ಜಿ. ಬೀಳುತ್ತದೆ. ಅಲ್ಲಿ ಸಂದಿಯನ್ನೇ ರಬ್ಬರ್ ಪಟ್ಟಿಯಿಂದ ಮುಚ್ಚಬೇಕು, ಇಲ್ಲವೇ ಕೈ ಹೋಗದಂತೆ ಜಾಲರಿ ಹಾಕಬೇಕು. ಸೆನ್ಸರಿನಿಂದ ಅದು ಆಗುವ ಕೆಲಸವಲ್ಲ.

0.3 ಆಂಪಿಯರ್ ಸಣ್ಣ ಅಂತರ, ಆದರೆ ಅಳೆಯಬಹುದು. ಇಂಥ ಕೆಲಸಕ್ಕೆ ಹೆಚ್ಚಾಗಿ ಬಳಸುವ ಎಸಿಎಸ್712 ಎಂಬ ಸೆನ್ಸರ್ ಮೂರು ಬಗೆಯಲ್ಲಿ ಸಿಗುತ್ತದೆ: 5, 20 ಮತ್ತು 30 ಆಂಪಿಯರ್. 5 ಆಂಪಿಯರ್ ಬಗೆಯದು ಪ್ರತಿ ಆಂಪಿಯರ್‌ಗೆ 185 ಮಿಲಿವೋಲ್ಟ್ ಕೊಡುತ್ತದೆ. 30 ಆಂಪಿಯರ್‌ನದು 66 ಮಿಲಿವೋಲ್ಟ್ ಮಾತ್ರ. ಆರ್ಡುಯಿನೊ ಊನೊದಂಥ ಬೋರ್ಡು ಸುಮಾರು 5 ಮಿಲಿವೋಲ್ಟಿನ ಮೆಟ್ಟಿಲುಗಳಲ್ಲಿ ಎಣಿಸುತ್ತದೆ. ನಮ್ಮ 0.3 ಆಂಪಿಯರ್ ಮೊದಲನೆಯದರಲ್ಲಿ 11 ಮೆಟ್ಟಿಲು, ಎರಡನೆಯದರಲ್ಲಿ ಬರೀ 4. ಮೋಟರಿನ ಕಿಡಿ ಸದ್ದಿನಲ್ಲಿ 4 ಮೆಟ್ಟಿಲು ಮುಳುಗಿಹೋಗಬಹುದು. ‘ದೊಡ್ಡದೇ ಇರಲಿ’ ಎಂದು 30 ಆಂಪಿಯರಿನದನ್ನು ಕೊಂಡವರಿಗೆ ಸಣ್ಣ ಮಿತಿ ಇಡಲಾಗದಿರುವುದಕ್ಕೆ ಇದೇ ಕಾರಣ.

ಸುಮ್ಮಸುಮ್ಮನೆ ನಿಲ್ಲುವ ಕಾಟ

ಹಾಗಾದರೆ ಎಲ್ಲರೂ ಸಣ್ಣ ಮಿತಿಯನ್ನೇ ಯಾಕೆ ಇಡುವುದಿಲ್ಲ? ಇಟ್ಟವರು ಮೊದಲ ದಿನವೇ ಒಂದು ತೊಂದರೆ ಕಾಣುತ್ತಾರೆ: ಕಿಟಕಿ ಹೊರಡುವುದೇ ಇಲ್ಲ. ಸ್ವಿಚ್ ಹಾಕಿದ ಕ್ಷಣದಲ್ಲಿ ಮೋಟರು ಇನ್ನೂ ತಿರುಗಿರುವುದಿಲ್ಲ, ಎದುರು ವೋಲ್ಟೇಜು ಇರುವುದಿಲ್ಲ. ಹಾಗಾಗಿ ಒಂದು ಗಳಿಗೆ 4 ಆಂಪಿಯರ್ ನುಗ್ಗುತ್ತದೆ. ಬೋರ್ಡು ಅದನ್ನೇ ಅಡ್ಡಿ ಎಂದು ತಿಳಿದು ನಿಲ್ಲಿಸುತ್ತದೆ. ಅದಕ್ಕೆ ಮೊದಲ 0.3 ಸೆಕೆಂಡು ಅಳತೆಯನ್ನು ಕಡೆಗಣಿಸು ಎಂದು ಬರೆಯುತ್ತಾರೆ. ಅಷ್ಟು ಹೊತ್ತು ಕಿಟಕಿ ಕುರುಡು. ಕೆಳಅಂಚು ಆಗ ಹೆಚ್ಚೆಂದರೆ 12 ಮಿ.ಮೀ. ಸರಿದಿರುತ್ತದೆ, ಅದನ್ನು ಸಹಿಸಬಹುದು. ಆದರೆ ಕೈ ಸಿಕ್ಕಿ ನಿಂತ ಕಿಟಕಿಗೆ ಯಾರಾದರೂ ಮತ್ತೆ ಮತ್ತೆ ‘ಮುಚ್ಚು’ ಬಟನ್ ಒತ್ತಿದರೆ ಪ್ರತಿ ಸಲವೂ ಆ ಕುರುಡು ಗಳಿಗೆಯಲ್ಲಿ ಪೂರ್ತಿ ಬಲ ಬೀಳುತ್ತದೆ. ಹಾಗಾಗಿ ಒಮ್ಮೆ ಅಡ್ಡಿ ಸಿಕ್ಕ ಮೇಲೆ, ಮೊದಲು ತೆರೆದುಕೊಳ್ಳದೆ ಮತ್ತೆ ಮುಚ್ಚಲು ಬಿಡಬಾರದು. ಮೋಟರಿಗೆ ವಿದ್ಯುತ್ತನ್ನು ಮೆಲ್ಲನೆ ಏರಿಸುತ್ತಾ ಕೊಟ್ಟರೆ ಆ ಮೊದಲ ನುಗ್ಗುವಿಕೆಯೂ ತಗ್ಗುತ್ತದೆ.

ಎರಡನೆಯ ತೊಂದರೆ ಗಾಳಿ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ನಮ್ಮ ಕಿಟಕಿಯನ್ನು ಹೊರಕ್ಕೆ ಎಳೆದರೆ ಆಕ್ಚುಯೇಟರಿನ ಮೇಲೆ ಹೆಚ್ಚುವರಿ 4 ಕೆ.ಜಿ.ಯಷ್ಟು ಹೊರೆ ಬೀಳುತ್ತದೆ. ಅದು ಮಿತಿಯೊಳಗೇ ಇದೆ. ವೇಗ ಒಂದೂವರೆ ಪಟ್ಟಾದರೆ ಹೊರೆ ಎರಡು ಪಟ್ಟಿಗಿಂತ ಹೆಚ್ಚಾಗಿ 10 ಕೆ.ಜಿ. ಮುಟ್ಟುತ್ತದೆ. ಆಗ ಬೋರ್ಡಿಗೆ ಗಾಳಿಯೂ ಬೆರಳೂ ಒಂದೇ. ಮಳೆಗಾಳಿಯಲ್ಲಿ ಮುಚ್ಚಬೇಕಾದ ಕಿಟಕಿ ಅಡ್ಡಿ ಇದೆ ಎಂದು ತೆರೆದುಕೊಂಡು ನಿಲ್ಲುತ್ತದೆ.

ಮೂರನೆಯದು ಮರ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಆಷಾಢದ ಹೊತ್ತಿಗೆ ಮರದ ಕಿಟಕಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ 0.7 ಆಂಪಿಯರಿನಲ್ಲಿ ಮುಚ್ಚುತ್ತಿದ್ದದ್ದು ಮಳೆಗಾಲದಲ್ಲಿ ಚೌಕಟ್ಟಿಗೆ ಉಜ್ಜಿಕೊಂಡು 1.0 ದಾಟುತ್ತದೆ. ಕೀಲಿಗೆ ತುಕ್ಕು ಹಿಡಿದರೂ ಇದೇ ಕಥೆ.

ಅಪಾಯ ಹುಟ್ಟುವುದು ಇಲ್ಲಿ. ಕಿಟಕಿ ದಿನಕ್ಕೆ ಮೂರು ಸಲ ಸುಮ್ಮನೆ ನಿಂತರೆ ಬೇಸತ್ತ ಮನೆಯವರು ಮಿತಿಯನ್ನು 1.0ರಿಂದ 1.5ಕ್ಕೆ, ಮುಂದಿನ ವಾರ 2.5ಕ್ಕೆ ಏರಿಸುತ್ತಾರೆ. ಕಾಟ ನಿಲ್ಲುತ್ತದೆ. ಜೊತೆಗೆ ಬೆರಳಿನ ರಕ್ಷಣೆಯೂ ಹೋಗಿ ಮೋಟರಿನ ರಕ್ಷಣೆಯಷ್ಟೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಕಿಟಕಿ ಈಗಲೂ ‘ಅಡ್ಡಿ ಸಿಕ್ಕರೆ ನಿಲ್ಲುತ್ತದೆ.’

ಇದಕ್ಕೆ ತಕ್ಕ ದಾರಿ ಬೇರೆ. ಏನೂ ಅಡ್ಡವಿಲ್ಲದಾಗ ಮುಚ್ಚುವ ಓಟದ ಉದ್ದಕ್ಕೂ ಆಂಪಿಯರನ್ನು ಬೋರ್ಡು ಬರೆದಿಟ್ಟುಕೊಳ್ಳಬೇಕು. ಮೊದಲ ಸೆಕೆಂಡಿನಲ್ಲಿ ಇಷ್ಟು, ಐದನೆಯದರಲ್ಲಿ ಇಷ್ಟು ಎಂದು. ಮುಂದಿನ ಸಲ ಆಯಾ ಜಾಗದ ಮಾಮೂಲಿಗಿಂತ 0.3 ಹೆಚ್ಚಾದರೆ ನಿಲ್ಲಬೇಕು. ಕಿಟಕಿ ಬಿಗಿಯಾದಂತೆ ಈ ದಾಖಲೆ ನಿಧಾನವಾಗಿ ಬದಲಾಗಬಹುದು, ಆದರೆ ಅದಕ್ಕೊಂದು ಗರಿಷ್ಠ ಗೆರೆ ಇರಬೇಕು. ಆ ಗೆರೆ ಮುಟ್ಟಿದರೆ ಬೇಕಿರುವುದು ಕೀಲಿಗೆ ಎಣ್ಣೆ ಅಥವಾ ಮರಕ್ಕೆ ಉಜ್ಜುಕೊರಡು. ಗಾಳಿಗೆ ನಿಂತರೆ ಎರಡು ಮೂರು ಸಲ ಪ್ರಯತ್ನಿಸಿ, ಆಮೇಲೆ ತೆರೆದಿಟ್ಟು ಬೀಪ್ ಮಾಡಿದರೆ ಸಾಕು. ನೆಲ ಒದ್ದೆಯಾದರೆ ಒರೆಸಬಹುದು.

ಪೂರ್ತಿ ಮುಚ್ಚಿದೆಯೋ, ಏನೋ ಸಿಕ್ಕಿದೆಯೋ?

ಕಿಟಕಿ ಚೌಕಟ್ಟಿಗೆ ಬಂದು ತಾಗಿದಾಗಲೂ ಆಂಪಿಯರ್ ಏರುತ್ತದೆ, ಬೆರಳಿಗೆ ತಾಗಿದಾಗಲೂ ಏರುತ್ತದೆ. ಬರೀ ಆಂಪಿಯರ್ ನೋಡಿ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ.

‘10 ಸೆಕೆಂಡು ಆದ ಮೇಲೆ ಏರಿದರೆ ಮುಚ್ಚಿದೆ ಎಂದರ್ಥ, ಅದಕ್ಕೂ ಮೊದಲು ಏರಿದರೆ ಅಡ್ಡಿ’ ಎಂದು ಸಮಯದ ಲೆಕ್ಕ ಇಡುವವರಿದ್ದಾರೆ. ದಪ್ಪ ವಸ್ತುವಿಗೆ ಇದು ನಡೆಯುತ್ತದೆ. ಬೆರಳಿಗೆ ನಡೆಯುವುದಿಲ್ಲ. ಕೆಳಅಂಚಿನಲ್ಲಿ 8 ಮಿ.ಮೀ. ದಪ್ಪದ ಪುಟ್ಟ ಬೆರಳಿದ್ದರೆ ಅಲ್ಲಿ ಕಿಟಕಿ ಸೆಕೆಂಡಿಗೆ 40 ಮಿ.ಮೀ. ಓಡುತ್ತಿರುವುದರಿಂದ, ಬೆರಳಿಗೆ ತಾಗುವುದಕ್ಕೂ ಚೌಕಟ್ಟಿಗೆ ತಾಗುವುದಕ್ಕೂ ಇರುವ ಅಂತರ 0.2 ಸೆಕೆಂಡು. ಬ್ಯಾಟರಿ ಸ್ವಲ್ಪ ಇಳಿದರೂ ಓಟದ ಸಮಯ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ.

ಸುಲಭದ ಉಪಾಯವೊಂದು ಆಕ್ಚುಯೇಟರಿನ ಒಳಗೇ ಇದೆ. ಇಂಥ ಆಕ್ಚುಯೇಟರುಗಳಲ್ಲಿ ಹೆಚ್ಚಿನವುಗಳ ಎರಡೂ ತುದಿಗಳಲ್ಲಿ ಸಣ್ಣ ಲಿಮಿಟ್ ಸ್ವಿಚ್‌ಗಳಿರುತ್ತವೆ. ರಾಡು ತನ್ನ ಓಟದ ಕೊನೆ ಮುಟ್ಟಿದಾಗ ಸ್ವಿಚ್ ಮೋಟರನ್ನು ಕಡಿದುಬಿಡುತ್ತದೆ, ಜೊತೆಗಿರುವ ಡಯೋಡು ಹಿಂದಕ್ಕೆ ಓಡಲು ಮಾತ್ರ ದಾರಿ ಬಿಡುತ್ತದೆ. ಅಂದರೆ ಆಕ್ಚುಯೇಟರಿನ ಸ್ವಂತ ಕೊನೆಯಲ್ಲಿ ಆಂಪಿಯರ್ ಏರುವುದಿಲ್ಲ, ಸೊನ್ನೆಗೆ ಬೀಳುತ್ತದೆ.

ಹಾಗಾಗಿ ಜೋಡಿಸುವಾಗಲೇ ಬ್ರಾಕೆಟ್ಟಿಗೆ ಉದ್ದನೆಯ ತೂತು ಕೊಟ್ಟು, ಕಿಟಕಿ ಚೌಕಟ್ಟಿಗೆ ತಾಗುವ ಕ್ಷಣವೂ ರಾಡು ಪೂರ್ತಿ ಒಳಗೆ ಸೇರುವ ಕ್ಷಣವೂ ಒಂದೇ ಆಗುವಂತೆ ಹೊಂದಿಸಬೇಕು. ಹೀಗೆ ಮಾಡಿದರೆ ಬೋರ್ಡಿನ ಕೆಲಸ ಸರಳ: ಸೊನ್ನೆಗೆ ಬಿದ್ದರೆ ಮುಚ್ಚಿತು, ಏರಿದರೆ ಎಲ್ಲೇ ಏರಲಿ, ಏನೋ ಸಿಕ್ಕಿದೆ. ಹೊಂದಿಸುವಾಗ ತಾಳ್ಮೆ ಬೇಕು. ಬ್ರಾಕೆಟ್ಟಿನಲ್ಲಿ 1 ಮಿ.ಮೀ. ತಪ್ಪಿದರೆ ಕೆಳಅಂಚಿನಲ್ಲಿ 4 ಮಿ.ಮೀ. ಸಂದು ಉಳಿಯುತ್ತದೆ.

ಸೊನ್ನೆಗೂ ಒಂದು ಎರಡನೇ ಅರ್ಥವಿದೆ ಎಂಬುದನ್ನು ಮರೆಯಬಾರದು. ತಂತಿ ಕಿತ್ತುಹೋದರೂ, ಫ್ಯೂಸ್ ಹೋದರೂ ಆಂಪಿಯರ್ ಸೊನ್ನೆಯೇ. ಹತ್ತು ಸೆಕೆಂಡು ಹಿಡಿಯಬೇಕಾದ ಓಟ ನಾಲ್ಕೇ ಸೆಕೆಂಡಿಗೆ ಸೊನ್ನೆಯಾದರೆ ಕಿಟಕಿ ಮುಚ್ಚಿಲ್ಲ, ಏನೋ ಕೆಟ್ಟಿದೆ. ಇಷ್ಟು ಒರಟು ಲೆಕ್ಕಕ್ಕೆ ಸಮಯ ಸಾಕು.

ನಿಂತರೆ ಬಿಟ್ಟಂತಲ್ಲ

ವಿಡಿಯೊಗಳಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಕಿಟಕಿ ನಿಂತ ಮೇಲೆ ಅವರು ಕೈಯನ್ನು ಹೇಗೆ ಹೊರತೆಗೆದರು?

ಆಕ್ಚುಯೇಟರಿನ ಸ್ಕ್ರೂ ಕಾರಿನ ಟಯರ್ ಬದಲಿಸುವ ಸ್ಕ್ರೂ ಜ್ಯಾಕಿನಂತೆಯೇ ಕೆಲಸ ಮಾಡುತ್ತದೆ. ಜ್ಯಾಕ್ ತಿರುಗಿಸುವುದನ್ನು ನಿಲ್ಲಿಸಿದರೂ ಕಾರು ಕೆಳಗೆ ಬರುವುದಿಲ್ಲ. ಹಾಗೆಯೇ ಮೋಟರಿಗೆ ವಿದ್ಯುತ್ ಕಡಿದರೂ ರಾಡು ಇದ್ದಲ್ಲೇ ಬಿಗಿಯಾಗಿ ನಿಲ್ಲುತ್ತದೆ. ನಿಲ್ಲುವ ಕ್ಷಣದಲ್ಲಿ ಬೆರಳಿನ ಮೇಲೆ ಬಿದ್ದಿದ್ದ ಬಲ ಹಾಗೆಯೇ ಉಳಿಯುತ್ತದೆ. ಕಿಟಕಿಯನ್ನು ಕೈಯಿಂದ ತಳ್ಳಿ ತೆರೆಯಲೂ ಬರುವುದಿಲ್ಲ. ‘ನಿಲ್ಲುವ’ ಕಿಟಕಿ ಸಿಕ್ಕಿಬಿದ್ದ ಬೆರಳನ್ನು ಯಾರಾದರೂ ಬಂದು ಬಟನ್ ಒತ್ತುವವರೆಗೆ ಹಿಡಿದುಕೊಂಡೇ ಇರುತ್ತದೆ.

ಕಾರಿನ ನಿಯಮಗಳು ಗಾಜು ನಿಲ್ಲಬೇಕು ಎಂದಷ್ಟೇ ಹೇಳದೆ ಹಿಂದಕ್ಕೆ ಸರಿಯಬೇಕು ಎಂದೂ ಹೇಳುವುದು ಅದಕ್ಕೇ. ನಮ್ಮ ಕಿಟಕಿಯಲ್ಲಿ ಎರಡು ಸೆಕೆಂಡು ಹಿಂದಕ್ಕೆ ಓಡಿಸಿದರೆ ಕೆಳಅಂಚು ಸುಮಾರು 8 ಸೆಂ.ಮೀ. ತೆರೆದುಕೊಳ್ಳುತ್ತದೆ, ಕೈ ಹೊರಬರುತ್ತದೆ. ಕೀಲಿನ ಹತ್ತಿರ ಅಷ್ಟು ತೆರೆಯದ ಕಾರಣ ಪೂರ್ತಿ ತೆರೆಸುವುದೇ ಒಳ್ಳೆಯದು.

ಅದೇ ಹೊತ್ತಿಗೆ ಮನೆಯ ಕರೆಂಟ್ ಹೋದರೆ? ಬ್ಯಾಟರಿ ಇಲ್ಲದ ಜೋಡಣೆಯಲ್ಲಿ ಹಿಂದಕ್ಕೆ ಓಡಿಸುವವರೇ ಇಲ್ಲ. ರಾಡು ಮತ್ತು ಕಿಟಕಿಯನ್ನು ಬೋಲ್ಟಿನಿಂದ ಬಿಗಿಯುವ ಬದಲು ಕೈಯಲ್ಲೇ ಎಳೆದು ತೆಗೆಯಬಹುದಾದ ಪಿನ್ನಿನಿಂದ ಜೋಡಿಸಿದರೆ, ಸ್ಪ್ಯಾನರ್ ಹುಡುಕುವ ಪರಿಸ್ಥಿತಿ ಬರುವುದಿಲ್ಲ. ಆ ಪಿನ್ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರಬೇಕು.

ಮನೆಯಲ್ಲೇ ಅಳೆಯುವುದು ಹೇಗೆ?

ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ಇಂಥ ಕಿಟಕಿ ಈಗಾಗಲೇ ಇದ್ದರೆ ಕೈ ಇಟ್ಟು ನೋಡಬೇಡಿ. ಸಾಮಾನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಾಕು. ಕಿಟಕಿಯನ್ನು ಅರ್ಧ ತೆರೆದು, ತಕ್ಕಡಿಯ ಒಂದು ಕೊಕ್ಕೆಯನ್ನು ಕಿಟಕಿಯ ಅಂಚಿಗೆ ಹಗ್ಗದಿಂದ ಕಟ್ಟಿ. ಇನ್ನೊಂದು ತುದಿಯನ್ನು ಹೊರಗಡೆ ಅಲುಗದ ಯಾವುದಕ್ಕಾದರೂ, ಕಿಟಕಿ ಸರಿಯುವ ದಿಕ್ಕಿಗೆ ನೇರ ಎದುರಾಗಿ ಕಟ್ಟಿ. ಈಗ ಮುಚ್ಚಿಸಿ. ಕಿಟಕಿ ತಕ್ಕಡಿಯನ್ನು ಎಳೆಯುತ್ತಾ ಹೋಗಿ ಯಾವ ಅಂಕಿಯಲ್ಲಿ ನಿಂತು ಹಿಂದಕ್ಕೆ ತಿರುಗುತ್ತದೆ ನೋಡಿ. ಫೋನಿನಲ್ಲಿ ವಿಡಿಯೊ ಮಾಡಿಕೊಂಡರೆ ಅಂಕಿ ತಪ್ಪಿಹೋಗುವುದಿಲ್ಲ.

ಕೆಳಅಂಚಿನಲ್ಲಿ ಒಮ್ಮೆ, ಪಕ್ಕದ ಅಂಚಿನ ನಡುವೆ ಒಮ್ಮೆ, ಕೀಲಿನ ಕಡೆಗೆ ಕೈ ಹೋಗುವ ಕೊನೆಯ ಜಾಗದಲ್ಲಿ ಒಮ್ಮೆ ಅಳೆಯಿರಿ. ಮೂರೂ ಕಡೆ 10 ಕೆ.ಜಿ.ಗಿಂತ ಕಡಿಮೆ ಬರಬೇಕು, ಮೂರೂ ಸಲ ಕಿಟಕಿ ತಾನೇ ತೆರೆದುಕೊಳ್ಳಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿ.

10ಕ್ಕಿಂತ ಹೆಚ್ಚು ಬಂದರೆ ಮಿತಿ ಇಳಿಸಬೇಕು. ಇಳಿಸಿದಾಗ ಸುಮ್ಮನೆ ನಿಲ್ಲತೊಡಗಿದರೆ ಕೀಲು, ಮರ, ಜೋಡಣೆ ಸರಿಪಡಿಸಬೇಕು. ಅದೂ ಆಗದಿದ್ದರೆ ತೆರೆಯುವುದನ್ನು ಮಾತ್ರ ಯಂತ್ರಕ್ಕೆ ಬಿಟ್ಟು, ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಮುಚ್ಚುವಂತೆ ಮಾಡಬಹುದು. ಬಟನ್ ಮಾತ್ರ ಕಿಟಕಿ ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಕೈಗೆಟುಕದ ಎತ್ತರದ ವೆಂಟಿಲೇಟರ್ ಆದರೆ ಬೆರಳಿನ ಚಿಂತೆ ಅಷ್ಟಿಲ್ಲ. ಆದರೂ ಹಲ್ಲಿ, ಗುಬ್ಬಿಯಂಥ ಸಣ್ಣ ಜೀವಿಗಳು ಅಲ್ಲಿ ಸಿಕ್ಕರೆ ಯಾವ ಕರೆಂಟ್ ಸೆನ್ಸರಿಗೂ ತಿಳಿಯುವುದಿಲ್ಲ. ಅವುಗಳ ಮೈ ಅಷ್ಟು ಬಲವನ್ನು ತಡೆಯುವುದೇ ಇಲ್ಲ.

‘ಕರೆಂಟ್ ಸೆನ್ಸರ್ ಇರುವ ಕಿಟಕಿ ಅಡ್ಡಿ ಬಂದರೆ ನಿಲ್ಲುತ್ತದೆ’ ಎಂಬ ಮಾತು ನಿಜ. ‘ಆದ್ದರಿಂದ ಮಕ್ಕಳಿಗೂ ಅಪಾಯವಿಲ್ಲ’ ಎಂಬುದು ಅದರಿಂದ ಹೊರಡುವ ಮಾತಲ್ಲ. ಅಂಥ ವಿಡಿಯೊ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಎರಡು ಪ್ರಶ್ನೆ ಕೇಳಬಹುದು: ಕೀಲಿನ ಹತ್ತಿರ ತಕ್ಕಡಿ ಕಟ್ಟಿದರೆ ಎಷ್ಟು ಕೆ.ಜಿ. ತೋರಿಸುತ್ತದೆ? ನಿಂತ ಮೇಲೆ ತಾನೇ ತೆರೆದುಕೊಳ್ಳುತ್ತದೆಯೇ?